ಟ್ರೇಡಿಂಗ್‌ಗೆ ಲಾರ್ಜ್ ಕ್ಯಾಪ್, ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್: ಮಾರಲು ಹೊರಟಾಗ ಯಾವುದು ಕೈ ಹಿಡಿಯುತ್ತದೆ?

ನನ್ನ ಮಟ್ಟಿಗೆ ಉತ್ತರ ಲಾರ್ಜ್ ಕ್ಯಾಪ್. ನನ್ನದು ಎರಡು ಲಕ್ಷದ ಬಂಡವಾಳ. ಕೊಂಡ ಷೇರನ್ನು ಕೆಲವು ದಿನ ಇಟ್ಟುಕೊಂಡು ಮಾರುತ್ತೇನೆ. ಕೆಲಸದ ನಡುವೆ ಇಡೀ ದಿನ ಪರದೆ ನೋಡುತ್ತಾ ಕೂರಲು ಆಗುವುದಿಲ್ಲ, ಹಾಗಾಗಿ ಬೆಲೆ ಇಷ್ಟಕ್ಕಿಳಿದರೆ ಮಾರು ಎಂದು ಮೊದಲೇ ಸ್ಟಾಪ್‌ಲಾಸ್ ಹಾಕಿದ ಬೆಲೆಯ ಆಸುಪಾಸಿನಲ್ಲಿ ಷೇರು ಮಾರಾಟವಾಗಲೇಬೇಕು. ಮೂರೂ ಬಗೆಯಲ್ಲಿ ವ್ಯವಹಾರ ಮಾಡಿದ ಮೇಲೆ ಆ ಭರವಸೆ ಸಿಕ್ಕಿದ್ದು ದೊಡ್ಡ ಕಂಪನಿಗಳಲ್ಲಿ ಮಾತ್ರ.

ಸೆಬಿ 2017ರಲ್ಲಿ ಮಾಡಿದ ವಿಂಗಡಣೆಯಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿ ಲಾರ್ಜ್, 101ರಿಂದ 250 ಮಿಡ್, ಉಳಿದದ್ದೆಲ್ಲ ಸ್ಮಾಲ್. ಅಂದರೆ 251ನೇ ಕಂಪನಿಯೂ ಎರಡು ಸಾವಿರದಾಚೆಯ ಕಂಪನಿಯೂ ಒಂದೇ ಗುಂಪು. ಸ್ಮಾಲ್ ಕ್ಯಾಪ್ ಬಗ್ಗೆ ಹೇಳುವ ಯಾವ ಮಾತೂ ಆ ಗುಂಪಿನ ಎಲ್ಲಕ್ಕೂ ಒಂದೇ ರೀತಿ ಒಪ್ಪುವುದಿಲ್ಲ.

ನನ್ನನ್ನು ಸ್ಮಾಲ್ ಕ್ಯಾಪ್ ಟ್ರೇಡಿಂಗ್‌ನಿಂದ ದೂರ ಮಾಡಿದ್ದು ಲೋವರ್ ಸರ್ಕ್ಯೂಟ್, ಅಂದರೆ ಷೇರಿನ ಬೆಲೆ ಒಂದು ದಿನದಲ್ಲಿ ಇಳಿಯಬಹುದಾದ ಕೆಳಮಿತಿ. ನಡೆದದ್ದನ್ನು ದುಂಡು ಅಂಕಿಗಳಲ್ಲಿ ಹೇಳುತ್ತೇನೆ. 200 ರೂಪಾಯಿಯ ಷೇರು, 500 ಕೊಂಡೆ, ಸ್ಟಾಪ್‌ಲಾಸ್ 190ಕ್ಕೆ. ಲೆಕ್ಕದ ಪ್ರಕಾರ ಹೆಚ್ಚೆಂದರೆ 5,000 ನಷ್ಟ. ಆ ಷೇರಿನ ದಿನದ ಮಿತಿ ಶೇ 5. ಸಂಜೆ ಕಂಪನಿಯ ಫಲಿತಾಂಶ ಕೆಟ್ಟದಾಗಿ ಬಂತು. ಮರುದಿನ ಬೆಳಿಗ್ಗೆ ಬೆಲೆ ತೆರೆದದ್ದೇ 190ಕ್ಕೆ. ಅದೇ ಆ ದಿನದ ತಳ, ಅದಕ್ಕಿಂತ ಕೆಳಗೆ ಯಾರೂ ಮಾರುವಂತಿಲ್ಲ. ನನ್ನ ಸ್ಟಾಪ್‌ಲಾಸ್ ಜಾರಿಯಾಯಿತು, ಆದರೆ ಮಾರಾಟವಾಗಲಿಲ್ಲ. ಕೊಳ್ಳುವವರ ಸಾಲಿನಲ್ಲಿ ಸೊನ್ನೆ, ಮಾರುವವರ ಸಾಲಿನಲ್ಲಿ ಲಕ್ಷಗಟ್ಟಲೆ ಷೇರು. ಮಾರನೆಯ ದಿನ 180.50, ಅದೂ ಹಾಗೇ ಬೀಗ ಬಿತ್ತು. ಮೂರನೆಯ ದಿನ 171.50ರಲ್ಲಿ ಕೊಳ್ಳುವವರು ಬಂದರು, ಕೈಬಿಟ್ಟೆ. 5,000 ಎಂದುಕೊಂಡಿದ್ದ ನಷ್ಟ 14,250 ಆಯಿತು.

ಇಲ್ಲಿ ಗಮನಿಸಬೇಕಾದದ್ದು, ಸ್ಟಾಪ್‌ಲಾಸ್ ಎಂಬುದು ಮಾರುವ ಆದೇಶವಷ್ಟೇ. ಎದುರಿಗೆ ಕೊಳ್ಳುವವರಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಒಂದೇ ಬೆಲೆಗೆ ಮಾರಲು ನಿಂತವರಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ಆದೇಶ ಆ ದಿನಕ್ಕೆ ಮಾತ್ರ ಜೀವಂತವಾಗಿರುವುದರಿಂದ ಸಿಗದಿದ್ದರೆ ಮರುದಿನ ಮತ್ತೆ ಹೊಸದಾಗಿ ಸಾಲಿಗೆ ನಿಲ್ಲಬೇಕು. ಅಂಥ ದಿನ ಒಂಬತ್ತೂಕಾಲಕ್ಕೆ ಲಾಗಿನ್ ಆಗುವಷ್ಟರಲ್ಲಿ ತಡವಾಗಿರುತ್ತದೆ. ಹಿಂದಿನ ಸಂಜೆಯೇ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಿದರೆ ಸ್ವಲ್ಪ ಮುಂದಿನ ಜಾಗ ಸಿಗಬಹುದು, ಖಾತ್ರಿಯಿಲ್ಲ.

ಕೊಳ್ಳುವ ಮೊದಲೇ ಇದನ್ನು ಅಂದಾಜು ಮಾಡಬಹುದು. ಎನ್‌ಎಸ್‌ಇ ತಾಣದಲ್ಲಿ ಷೇರಿನ ಪುಟ ತೆರೆದರೆ ಅದರ ಪ್ರೈಸ್ ಬ್ಯಾಂಡ್, ಅಂದರೆ ದಿನದ ಮಿತಿ, ಕಾಣುತ್ತದೆ: ಶೇ 2, 5, 10 ಅಥವಾ 20. ಹೆಸರಿನ ಜೊತೆ EQ ಬದಲು BE ಇದ್ದರೆ ಅದು ಟ್ರೇಡ್ ಟು ಟ್ರೇಡ್, ಅಂದೇ ಕೊಂಡು ಅಂದೇ ಮಾರುವ ಇಂಟ್ರಾಡೇ ಅಲ್ಲಿ ನಡೆಯುವುದಿಲ್ಲ. ಆಮೇಲೆ ಮಾರ್ಕೆಟ್ ಡೆಪ್ತ್ ನೋಡಿ. ಕೊಳ್ಳುವವರು 198.50 ಕೊಡುತ್ತೇವೆ ಎನ್ನುತ್ತಾ ಮಾರುವವರು 200.30 ಕೇಳುತ್ತಿದ್ದರೆ, 500 ಷೇರು ಕೊಂಡು ಆ ಕ್ಷಣವೇ ಮಾರಿದರೂ 900 ರೂಪಾಯಿ ಹೋಯಿತು, ತೆರಿಗೆ, ಬ್ರೋಕರೇಜ್ ಬೇರೆ. ದೊಡ್ಡ ಷೇರುಗಳಲ್ಲಿ ನನ್ನಂಥವರ ಮೊತ್ತಕ್ಕೆ ಈ ಅಂತರ ಲೆಕ್ಕಕ್ಕೇ ಬರುವುದಿಲ್ಲ.

ಲಾರ್ಜ್ ಕ್ಯಾಪ್ ಬೀಳುವುದಿಲ್ಲ ಎಂದಲ್ಲ. ಬೆಂಗಳೂರಿನ ಇನ್ಫೋಸಿಸ್ 2023ರ ಏಪ್ರಿಲ್ 13ರ ಗುರುವಾರ ಸಂಜೆ ಫಲಿತಾಂಶ ಕೊಟ್ಟಿತು. ಶುಕ್ರವಾರ ರಜೆ. 17ರ ಸೋಮವಾರ ಷೇರು ಶೇ 9ಕ್ಕೂ ಹೆಚ್ಚು ಕುಸಿಯಿತು. ಹೊಡೆತ ದೊಡ್ಡದೇ, ಸ್ಟಾಪ್‌ಲಾಸ್ ಹಾಕಿದವರಿಗೂ ಆ ಬೆಲೆ ಸಿಕ್ಕಿರಲಾರದು. ಆದರೆ ಹೊರಬರಬೇಕೆಂದವರು ಅಂದೇ ಹೊರಬಂದರು. ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ನಡೆಯುವ ಪಟ್ಟಿಯಲ್ಲಿರುವ ಷೇರುಗಳಿಗೆ ಶೇ 5ರಂಥ ಬಿಗಿ ಮಿತಿ ಇಲ್ಲ. ಶೇ 10ರಷ್ಟು ಸರಿದರೆ ಸ್ವಲ್ಪ ಹೊತ್ತು ಕಾದು ಮಿತಿಯನ್ನೇ ಮುಂದಕ್ಕೆ ಸರಿಸುತ್ತಾರೆ. ಹಾಗಾಗಿ ದಿನಗಟ್ಟಲೆ ಬೀಗ ಬೀಳುವ ಭಯ ಕಡಿಮೆ.

ಏರಿಳಿತದ ವಿಷಯ ಒಂದೇ ಮಾತಿನಲ್ಲಿ: 2018ರಲ್ಲಿ ನಿಫ್ಟಿ 50 ಶೇ 3ರಷ್ಟು ಏರಿದ್ದ ವರ್ಷವೇ ನಿಫ್ಟಿ ಸ್ಮಾಲ್‌ಕ್ಯಾಪ್ 100 ಸುಮಾರು ಶೇ 29 ಇಳಿದಿತ್ತು.

ಮಿಡ್ ಕ್ಯಾಪ್ ನನಗೆ ಎರಡನೆಯ ಆಯ್ಕೆ. ಲಾರ್ಜ್‌ಗಿಂತ ಚುರುಕಾಗಿ ಓಡುತ್ತದೆ, ಸ್ವಿಂಗ್ ಟ್ರೇಡ್‌ಗೆ ಆ ಓಟ ಬೇಕು. ಆದರೆ ಎಫ್ ಅಂಡ್ ಓ ಪಟ್ಟಿಯಲ್ಲಿದ್ದರೆ ಮಾತ್ರ ಮುಟ್ಟುತ್ತೇನೆ, ಅದೂ ಲಾರ್ಜ್‌ಗೆ ಹಾಕುವ ಅರ್ಧ ಮೊತ್ತಕ್ಕೆ. ಫಲಿತಾಂಶದ ಹಿಂದಿನ ದಿನವೇ ಮಾರಿಬಿಡುತ್ತೇನೆ.

ಸ್ಮಾಲ್ ಕ್ಯಾಪ್ ಷೇರು ಈಗಲೂ ನನ್ನ ಬಳಿ ಇವೆ, ವರ್ಷಗಟ್ಟಲೆ ಇಡಲೆಂದು, ಟ್ರೇಡಿಂಗ್ ಖಾತೆಯ ದುಡ್ಡಿಗೆ ಸಂಬಂಧವಿಲ್ಲದಂತೆ. ಇಡೀ ದಿನ ಡೆಪ್ತ್ ನೋಡುತ್ತಾ ಕೂರಬಲ್ಲವರು, 20 ಶೇಕಡಾ ಬ್ಯಾಂಡಿನ, ದಿನಕ್ಕೆ ಕೋಟಿಗಟ್ಟಲೆ ವಹಿವಾಟಿನ ಸ್ಮಾಲ್ ಕ್ಯಾಪ್‌ಗಳನ್ನು ಆರಿಸಿ ಟ್ರೇಡ್ ಮಾಡಬಹುದು. ಶೇ 5ರ ಬ್ಯಾಂಡಿನದ್ದನ್ನು ಅವರಿಗೂ ಬೇಡ ಎನ್ನುತ್ತೇನೆ.