ಒಂದೇ ಗೆರೆ ಸಾಕಾ, ಜಾಗಗಳನ್ನೂ ಹೋಲಿಸಬೇಕಾ?

ಪುಣೆಯಲ್ಲಿ ಎಂಎಸ್ಸಿ ಓದುತ್ತಿರುವ ನನ್ನ ತಂಗಿ ಅಲ್ಲಿನ ವೇತಾಳ ಟೇಕಡಿ ಎಂಬ ಗುಡ್ಡದ ಮರಗಳನ್ನು ಎಣಿಸುತ್ತಿದ್ದಾಳೆ. ಅಲ್ಲಿ ತಟಸ್ಥ ಸಿದ್ಧಾಂತ ಹೊಂದುತ್ತದಾ ಎಂದು ನೋಡಬೇಕು. ಅಂದರೆ ಯಾವ ಜಾತಿಯ ಮರವಾದರೂ ಸಾಯುವ, ಹೊಸ ಸಸಿ ಹುಟ್ಟಿಸುವ ಅವಕಾಶ ಒಂದೇ, ಸಂಖ್ಯೆಯ ಏರಿಳಿತ ಬರೀ ಆಕಸ್ಮಿಕ ಎಂಬ ಮಾತು.

ಮೊದಲ ದಾರಿ ಸುಲಭ. ಜಾತಿಗಳನ್ನು ಹೆಚ್ಚಿನಿಂದ ಕಡಿಮೆಗೆ ಸಾಲಾಗಿಟ್ಟು ಗೆರೆ ಎಳೆದು, ಸಿದ್ಧಾಂತದ ಗೆರೆ ಕೂರುತ್ತದಾ ನೋಡುವುದು. ಆದರೆ ಪನಾಮಾದ ಬ್ಯಾರೊ ಕೊಲರಾಡೊ ದ್ವೀಪದ 50 ಹೆಕ್ಟೇರ್ ಕಾಡಿನ ಲೆಕ್ಕ ನೋಡಿ. 2003ರಲ್ಲಿ ಪರಿಸರ ವಿಜ್ಞಾನಿ ಮೆಕ್‌ಗಿಲ್ ಅದಕ್ಕೆ ತಟಸ್ಥ ಗೆರೆಗಿಂತ ಲಾಗ್‌ನಾರ್ಮಲ್ ಎಂಬ ಸಂಖ್ಯಾಶಾಸ್ತ್ರದ ಗೆರೆ ಚೆನ್ನಾಗಿ ಹೊಂದುತ್ತದೆ ಎಂದರು. ಅದೇ ವರ್ಷ ವೋಲ್ಕೊವ್ ತಂಡ ತಟಸ್ಥ ಗೆರೆಯೇ ತುಸು ಮೇಲು ಎಂದಿತು. ಕಾರಣ ಸರಳ: ಗೆರೆಯಲ್ಲಿ ಜಾತಿಯ ಹೆಸರೇ ಇರುವುದಿಲ್ಲ. ಅತಿ ಹೆಚ್ಚಿನ ಜಾತಿ, ಅತಿ ಅಪರೂಪದ ಜಾತಿ ಜಾಗ ಬದಲಿಸಿಕೊಂಡರೂ ಅದು ಅಲುಗುವುದಿಲ್ಲ. ಬೇರೆ ಬೇರೆ ಕಾರಣಗಳು ಒಂದೇ ಗೆರೆ ಕೊಡುತ್ತವೆ, ಅಲ್ವಾ?

ಎರಡನೆಯದರಲ್ಲಿ ಹೆಸರು ಉಳಿಯುತ್ತದೆ. ಹಲವು ತುಂಡು ಜಾಗ ಎಣಿಸಿ, ಗೆರೆಯಿಂದ ಜಾತಿವೈವಿಧ್ಯದ ಅಳತೆಯಾದ θ ಮತ್ತು ಹೊರಗಿನಿಂದ ಬಂದು ಸೇರುವ ಪ್ರಮಾಣವಾದ m ಅಂದಾಜಿಸಿ, ಅವುಗಳಿಂದ ಸಾವಿರ ಸಲ ಕಂಪ್ಯೂಟರ್‌ನಲ್ಲಿ ಕಾಡು ಬೆಳೆಸಿ. ಜಾಗಗಳ ನಡುವಿನ ಹೋಲಿಕೆ ನಿಜವಾದದ್ದಕ್ಕೆ ಸರಿಬರುತ್ತದಾ ನೋಡಿ. 2006ರಲ್ಲಿ ಡೊರ್ನೆಲಾಸ್ ತಂಡ ಹವಳದ ದಿಬ್ಬಗಳಲ್ಲಿ ಹೀಗೆಯೇ ನೋಡಿತು. ಸಿದ್ಧಾಂತ ಹೇಳಿದ್ದಕ್ಕಿಂತ ಹೋಲಿಕೆ ಸರಾಸರಿಯಲ್ಲಿ ಕಡಿಮೆ, ಏರುಪೇರು ಜಾಸ್ತಿ. ಸಿದ್ಧಾಂತ ಅಲ್ಲಿ ಸೋತಿತು.

ನಾನು ಎರಡನೆಯದನ್ನೇ ಹೇಳಿದೆ. ಟೇಕಡಿಯಲ್ಲಿ ಜನ ನೆಟ್ಟ ಗ್ಲಿರಿಸಿಡಿಯಾ ಇರುವ ತುಂಡುಗಳನ್ನು ಮಾತ್ರ ಬೇರೆ ಇಡಬೇಕು. ಸರಿಬಂದರೂ ‘ತಟಸ್ಥತೆ ತಳ್ಳಿಹಾಕಲಾಗಲಿಲ್ಲ’ ಎಂದಷ್ಟೇ ಬರೆಯಬೇಕು.