ಮಳೆಗಾಲ ಮುಗಿದ ಮೇಲೆ ಟೈಟಲ್ ತಿದ್ದಿದರೆ ಪ್ರಯೋಜನವಿಲ್ಲ: ಒಂದು ಅಡಿಕೆ ವಿಡಿಯೊಗೆ ಆದದ್ದನ್ನು ನೋಡಿ

ಮಲೆನಾಡಿನ ಕೃಷಿ ಚಾನೆಲ್ ಒಂದು ಮುಂಗಾರಿಗೆ ಮೊದಲೇ ಒಳ್ಳೆಯ ವಿಡಿಯೊ ಮಾಡಿತ್ತು. ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ, ಸುಣ್ಣ ಸಾಕೋ ಸಾಲದೋ ಎಂದು ಚಾಕು ಅದ್ದಿ ನೋಡುವುದು ಹೇಗೆ, ಎಲ್ಲವೂ ಅದರಲ್ಲಿತ್ತು. ಟೈಟಲ್ ಮತ್ತು ಡಿಸ್ಕ್ರಿಪ್ಷನ್ ಬರೆಯುವ ಕೆಲಸವನ್ನು ಮಾತ್ರ "ವ್ಯೂಸ್ ತರಿಸಿಕೊಡುತ್ತೇನೆ" ಎಂದು ಬಂದ ಒಬ್ಬರಿಗೆ ದುಡ್ಡು ಕೊಟ್ಟು ಒಪ್ಪಿಸಲಾಯಿತು. ವಿಡಿಯೊ ಬೇಕಾಗಿದ್ದ ತೋಟದವರಿಗೆ ಅದು ಸಿಗಲಿಲ್ಲ. ತಪ್ಪು ಗೊತ್ತಾಗುವ ಹೊತ್ತಿಗೆ ಎರಡನೇ ಸಿಂಪಡಣೆಯ ಸಮಯವೂ ದಾಟಿತ್ತು. ಇದೇ ತಪ್ಪು ಈಗಲೂ ಹಲವು ಕನ್ನಡ ಚಾನೆಲ್‌ಗಳಲ್ಲಿ ಕಾಣುತ್ತಿರುವುದರಿಂದ ಎಲ್ಲೆಲ್ಲಿ ಎಡವಿದರು ಎಂದು ಬಿಡಿಸಿ ಹೇಳಬೇಕಾಗಿದೆ.

ಅವರು ಬರೆದುಕೊಟ್ಟ ಟೈಟಲ್ ಇದು: "ರೈತರೇ ಎಚ್ಚರ!! ಈ ಒಂದು ತಪ್ಪು ಮಾಡಿದ್ರೆ ಇಡೀ ತೋಟ ಹಾಳು | ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ". ಕಣ್ಣಿಗೆ ದೊಡ್ಡ ತಪ್ಪೇನೂ ಕಾಣುವುದಿಲ್ಲ, ಕೀವರ್ಡ್ ಕೂಡ ಇದೆ. ಆದರೆ ಅದು ಇರುವ ಜಾಗ ನೋಡಿ. ಯೂಟ್ಯೂಬ್ ಟೈಟಲ್‌ಗೆ 100 ಅಕ್ಷರಗಳ ಮಿತಿ ಇಟ್ಟಿದೆ. ಈ ಲೆಕ್ಕ ನಾವು ಓದುವ ಅಕ್ಷರದ ಲೆಕ್ಕವಲ್ಲ. ಕನ್ನಡದಲ್ಲಿ ಗುಣಿತ ಚಿಹ್ನೆ, ಒತ್ತಕ್ಷರಕ್ಕೆ ಹಾಕುವ ಹಲಂತ ಚಿಹ್ನೆ, ಅನುಸ್ವಾರ ಎಲ್ಲವೂ ಒಂದೊಂದಾಗಿ ಎಣಿಕೆಗೆ ಬರುತ್ತವೆ. "ದ್ರಾವಣ" ನಮ್ಮ ಬಾಯಲ್ಲಿ ಮೂರೇ ಅಕ್ಷರ, ಕಂಪ್ಯೂಟರ್‌ಗೆ ಅದು ದ, ಹಲಂತ, ರ, ದೀರ್ಘ, ವ, ಣ ಎಂದು ಆರು. ಪದಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿ ಹೀಗೆ ಎಣಿಸಿದರೆ ಈ ಟೈಟಲ್ 82 ಆಗುತ್ತದೆ, ಮಿತಿಯೊಳಗೇ ಇದೆ. ಆದರೆ "ಅಡಿಕೆ" ಎಂಬ ಪದ ಶುರುವಾಗುವುದೇ 52ನೆಯದಕ್ಕೆ. ಮೊಬೈಲ್‌ನಲ್ಲಿ ಉದ್ದದ ಟೈಟಲ್‌ನ ಬಾಲ ಕತ್ತರಿಸಿ ಮೂರು ಚುಕ್ಕಿ ಬರುತ್ತದೆ. ಆಗ ಉಳಿಯುವುದು "ರೈತರೇ ಎಚ್ಚರ, ತೋಟ ಹಾಳು" ಎಂಬ ಭಾಗ ಮಾತ್ರ. ಯಾವ ಬೆಳೆ, ಯಾವ ರೋಗ? ಅಡಿಕೆಯವರೂ ದ್ರಾಕ್ಷಿಯವರೂ ತಮಗಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ.

ಅದೇ ವಿಡಿಯೊಗೆ ಹೀಗೆ ಬರೆಯಬಹುದಿತ್ತು: "ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ಚಾಕು ಕೆಂಪಾದರೆ ಸಿಂಪಡಿಸಬೇಡಿ". ಇದು 58. ಜನ ಹುಡುಕುವ ಪದಗಳು ಮೊದಲ 31ರಲ್ಲೇ ಮುಗಿದಿವೆ. ಕುತೂಹಲ ಹುಟ್ಟಿಸುವ ಮಾತು ಅದರ ಬೆನ್ನಿಗೇ ಬಂದಿದೆ, ಅದೂ ವಿಡಿಯೊದೊಳಗಿಂದಲೇ ಎತ್ತಿಕೊಂಡದ್ದು. "ಇಡೀ ತೋಟ ಹಾಳು" ಎಂಬುದು ಯಾವ ವಿಡಿಯೊಗೂ ಅಂಟಿಸಬಹುದಾದ ಮಾತು. ಚಾಕು ಕೆಂಪಾಗುವುದು ಈ ವಿಡಿಯೊದಲ್ಲಿ ಮಾತ್ರ ಇದೆ. ಹುಕ್ ಸರಿಯಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಡಿಸ್ಕ್ರಿಪ್ಷನ್‌ನಲ್ಲಿ ಆದ ಅನಾಹುತ ಇನ್ನೂ ದೊಡ್ಡದು. ಸ್ಟುಡಿಯೊದ Settings ಒಳಗೆ Upload defaults ಎಂಬ ಜಾಗವಿದೆ. ಅಲ್ಲಿ ಬರೆದಿಟ್ಟದ್ದು ಬ್ರೌಸರ್‌ನಿಂದ ಹೊಸದಾಗಿ ಹಾಕುವ ಪ್ರತಿ ವಿಡಿಯೊಗೂ ತಾನಾಗಿ ಬಂದು ಕೂರುತ್ತದೆ. ಆ ಮನುಷ್ಯ ಅಲ್ಲಿ "ನಮಸ್ಕಾರ ವೀಕ್ಷಕರೇ, ನಮ್ಮ ಚಾನೆಲ್‌ಗೆ ಸ್ವಾಗತ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ" ಎಂದು ಶುರುಮಾಡಿ, ಕೆಳಗೆ ವಾಟ್ಸ್ಆ್ಯಪ್ ಗುಂಪಿನ ಲಿಂಕ್ ಹಾಕಿದ್ದರು. ಡಿಸ್ಕ್ರಿಪ್ಷನ್‌ಗೆ 5000 ಅಕ್ಷರಗಳ ಜಾಗವಿದ್ದರೂ, ಬಿಡಿಸಿ ನೋಡುವ ಮುಂಚೆ ಕಾಣುವುದು ಮೊದಲ ಎರಡು ಮೂರು ಸಾಲು ಮಾತ್ರ. ಹೀಗಾಗಿ ಆ ಚಾನೆಲ್‌ನ ಯಾವ ವಿಡಿಯೊ ತೆರೆದರೂ ಮೇಲೆ ಕಾಣುತ್ತಿದ್ದುದು ಅದೇ ನಮಸ್ಕಾರ. ವಿಷಯದ ಮಾತು ಆರನೇ ಸಾಲಿಗೆ ಬರುತ್ತಿತ್ತು.

ಮೊದಲ ಸಾಲುಗಳು ಹೀಗಿರಬೇಕಿತ್ತು: "ಅಡಿಕೆ ಕೊಳೆರೋಗ ತಡೆಯಲು ಶೇ. 1ರ ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಶುಚಿಯಾದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ." ಅಳತೆಯನ್ನು ಮೇಲೆಯೇ ಕೊಟ್ಟುಬಿಟ್ಟರೆ ವಿಡಿಯೊ ಯಾರು ನೋಡುತ್ತಾರೆ ಎಂಬ ಅಂಜಿಕೆ ಬೇಡ. ಬೆರೆಸುವ ರೀತಿಯನ್ನು ಕಣ್ಣಾರೆ ನೋಡಲೇಬೇಕು, ಅದಕ್ಕೇ ಜನ ಬರುತ್ತಾರೆ. ಅದರ ಕೆಳಗಿನ ವಾಕ್ಯದಲ್ಲಿ ಬೇರೆ ಹೆಸರುಗಳನ್ನು ಒಮ್ಮೆ ತನ್ನಿ: ಕರಾವಳಿಯ ಕಡೆ ಇದೇ ರೋಗಕ್ಕೆ ಮಹಾಳಿ ಎನ್ನುತ್ತಾರೆ, ಕನ್ನಡ ಕೀಬೋರ್ಡ್ ಬಳಸದವರು adike koleroga ಎಂದು ಟೈಪ್ ಮಾಡುತ್ತಾರೆ. ಒಂದು ಸಲ ಬಂದರೆ ಸಾಕು. ಸ್ವಾಗತ, ಲಿಂಕ್, ಹ್ಯಾಶ್‌ಟ್ಯಾಗ್ ಎಲ್ಲ ಕೊನೆಗೆ ಇರಲಿ.

ವ್ಯೂಸ್ ಬರಲಿಲ್ಲವೆಂದು ಆಮೇಲೆ ಮಾಡಿದ "ರಿಪೇರಿ"ಯೇ ಚಾನೆಲ್‌ಗೆ ನಿಜವಾದ ಪೆಟ್ಟು ಕೊಟ್ಟಿತು. ಟೈಟಲ್ "ಒಂದೇ ದಿನದಲ್ಲಿ ಕೊಳೆರೋಗ ಮಾಯ" ಎಂದಾಯಿತು. ಡಿಸ್ಕ್ರಿಪ್ಷನ್ ಕೆಳಗೆ ಮೆಣಸು, ಕಾಫಿ, ಶುಂಠಿ, ಹೆಸರುವಾಸಿ ಚಾನೆಲ್‌ಗಳ ಹೆಸರು ಎಂದು ಉದ್ದದ ಪದಮಾಲೆ ಸೇರಿತು. ಬೋರ್ಡೋ ದ್ರಾವಣ ರೋಗ ಬಾರದಂತೆ ಮುಂಚೆ ಹೊಡೆಯುವ ಮದ್ದು, ಕೊಳೆತ ಕಾಯಿಯನ್ನು ಅದು ಸರಿಮಾಡುವುದಿಲ್ಲ. ಮಾಯದ ಆಸೆಗೆ ಒತ್ತಿದವರು ಅರ್ಧ ನಿಮಿಷದಲ್ಲಿ ಹೊರಟುಹೋದರು. ಒತ್ತಿದವರು ನಿಲ್ಲುತ್ತಿಲ್ಲವೆಂದರೆ ಯೂಟ್ಯೂಬ್ ಆ ವಿಡಿಯೊವನ್ನು ಹೊಸಬರ ಮುಂದೆ ಇಡುವುದನ್ನು ಕಡಿಮೆ ಮಾಡುತ್ತದೆ. ಜೊತೆಗೆ, ಡಿಸ್ಕ್ರಿಪ್ಷನ್‌ನಲ್ಲಿ ಟ್ಯಾಗ್‌ಗಳನ್ನು ರಾಶಿ ಹಾಕುವುದು, ವಿಡಿಯೊದಲ್ಲಿ ಇಲ್ಲದ್ದನ್ನು ಇದೆ ಎನ್ನುವುದು ಎರಡೂ ಯೂಟ್ಯೂಬ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ವಿಡಿಯೊ ತೆಗೆದುಹಾಕಿ ಎಚ್ಚರಿಕೆಯ ಮೇಲ್ ಬಂತು. ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆಯಷ್ಟೇ, ಆಮೇಲಿನದು ಸ್ಟ್ರೈಕ್, 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಹ್ಯಾಶ್‌ಟ್ಯಾಗ್‌ಗಳಿಗೂ ಮಿತಿಯಿದೆ. 60 ದಾಟಿದರೆ ಆ ವಿಡಿಯೊದ ಎಲ್ಲ ಹ್ಯಾಶ್‌ಟ್ಯಾಗ್‌ಗಳನ್ನೂ ಯೂಟ್ಯೂಬ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡೋ ಮೂರೋ ಸಾಕು.

ನಿಮ್ಮ ವಿಡಿಯೊಗೆ ಇದೇ ಕಾಯಿಲೆ ತಗುಲಿದೆಯೇ ಎಂದು ತಿಳಿಯಲು ಆ ವಿಡಿಯೊದ Analytics ತೆರೆದು, ಯೂಟ್ಯೂಬ್ ಹುಡುಕಾಟದಿಂದ ಬಂದವರು ಯಾವ ಪದ ಟೈಪ್ ಮಾಡಿ ಬಂದರು ಎಂಬ ಪಟ್ಟಿ ನೋಡಿ. ಅಲ್ಲಿ ನಿಮ್ಮ ಚಾನೆಲ್ ಹೆಸರು ಮಾತ್ರ ಇದ್ದರೆ, ಮೊದಲೇ ಗುರುತಿದ್ದವರಷ್ಟೇ ಹುಡುಕಿಕೊಂಡು ಬಂದಿದ್ದಾರೆ, ವಿಷಯ ಹುಡುಕಿದವರಿಗೆ ನೀವು ಕಂಡೇ ಇಲ್ಲ. ಟೈಟಲ್‌ನ ಮೊದಲ ಪದಗಳನ್ನು ತಿದ್ದಬೇಕು. ಕಂಡವರಲ್ಲಿ ಒತ್ತಿದವರ ಪ್ರಮಾಣವೂ ಅಲ್ಲೇ ಸಿಗುತ್ತದೆ. ಯೂಟ್ಯೂಬ್ ಹೇಳುವಂತೆ ಅರ್ಧದಷ್ಟು ಚಾನೆಲ್‌ಗಳಲ್ಲಿ ಅದು ಶೇ. 2ರಿಂದ 10ರ ನಡುವೆ ಇರುತ್ತದೆ. ಈ ಪ್ರಮಾಣ ಚೆನ್ನಾಗಿದ್ದೂ ಮೊದಲ 30 ಸೆಕೆಂಡಿನಲ್ಲೇ ಜನ ಉದುರುತ್ತಿದ್ದರೆ ಟೈಟಲ್ ಕೊಟ್ಟ ಮಾತು ವಿಡಿಯೊದ ಆರಂಭದಲ್ಲಿ ಇಲ್ಲ. ಚಾಕುವಿನ ಮಾತು ಟೈಟಲ್‌ನಲ್ಲಿದ್ದರೆ ಆ ಚಾಕು ಮೊದಲ ಅರ್ಧ ನಿಮಿಷದಲ್ಲೇ ಕಾಣಬೇಕು.

ತಿದ್ದುವಾಗ ಲಿಂಕ್ ಬದಲಾಗುವುದಿಲ್ಲ, ವಿಡಿಯೊ ಮತ್ತೆ ಹಾಕಬೇಕಾಗಿಲ್ಲ. ಟೈಟಲ್ ಬದಲಿಸಿದ ದಿನವನ್ನು ಬರೆದಿಟ್ಟುಕೊಂಡು ಎರಡು ವಾರ ಕೈಹಚ್ಚದೆ ಬಿಡಿ. ದಿನಕ್ಕೊಂದು ಬದಲಾವಣೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ. ಅದಕ್ಕೂ ಮೊದಲು Upload defaults ಒಳಗಿನ ನಮಸ್ಕಾರವನ್ನು ಇವತ್ತೇ ಅಳಿಸಿ, ಮೇಲೆ ಎರಡು ಖಾಲಿ ಸಾಲು ಬಿಟ್ಟು ಲಿಂಕ್‌ಗಳನ್ನು ಕೆಳಗೆ ಇಡಿ. ಮುಂದಿನ ವಿಡಿಯೊ ಹಾಕುವಾಗ ಆ ಖಾಲಿ ಜಾಗವೇ ಏನು ಬರೆಯಬೇಕೆಂದು ನೆನಪಿಸುತ್ತದೆ.