ಓವರ್ ಡಿಫೈನ್ಡ್ ಮೇಟ್ ಹುಡುಕೋಕೆ ಯಾವ ದಾರಿ? ಸಪ್ರೆಸ್, View Mates, MateXpert

ಚಿಕ್ಕಮಗಳೂರಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ಅದಕ್ಕೆ ಮುಂಚೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಡ್ರಾಯಿಂಗ್ ಕೈಯಲ್ಲಿರಬೇಕು. ಒಂದು ಸಣ್ಣ ಡ್ರಮ್ ಪಲ್ಪರನ್ನು ಸಾಲಿಡ್‌ವರ್ಕ್ಸ್‌ನಲ್ಲಿ ಜೋಡಿಸುವಾಗ FeatureManager ಟ್ರೀಯಲ್ಲಿ ಹೆಸರುಗಳ ಮುಂದೆ (+) ಬಂದು ಕೂತಿತು, ಅಂದರೆ ಭಾಗಗಳನ್ನು ಕೂಡಿಸುವ ಮೇಟ್‌ಗಳು ಒಂದಕ್ಕೊಂದು ಹೊಂದದೆ ಓವರ್ ಡಿಫೈನ್ಡ್ ಆಗಿವೆ. ಅದರ ಮೂಲ ಹುಡುಕೋಕೆ ಮೂರು ದಾರಿ ಬಳಸಿ ನೋಡಿದೆ.

ಜೋಡಣೆ ಸರಳ. ಫ್ರೇಮ್ ಫಿಕ್ಸ್ ಆಗಿದೆ. ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು UCP205 ಬೇರಿಂಗ್ ಬ್ಲಾಕ್, ಎರಡರ ತಳವೂ ಫ್ರೇಮಿಗೆ ಕೊಯಿನ್ಸಿಡೆಂಟ್. 25 ಮಿ.ಮೀ. ಶಾಫ್ಟ್ ಎರಡು ಬೇರಿಂಗಿಗೂ ಕಾನ್ಸೆಂಟ್ರಿಕ್. ಬೋಲ್ಟ್ ತೂತುಗಳ ಮೇಟ್ ಬಿಟ್ಟರೆ ಮುಖ್ಯವಾದವು ಈ ನಾಲ್ಕೇ. ಆದರೆ ಅವು ಒಂದು ಸುತ್ತು ಕಟ್ಟುತ್ತವೆ: ಫ್ರೇಮಿಂದ ಎಡ ಬೇರಿಂಗ್, ಅಲ್ಲಿಂದ ಶಾಫ್ಟ್, ಶಾಫ್ಟಿಂದ ಬಲ ಬೇರಿಂಗ್, ಅಲ್ಲಿಂದ ಮತ್ತೆ ಫ್ರೇಮ್. ಎರಡು ಬೇರಿಂಗಿನ ಎತ್ತರ ಒಂದೇ ಆಗಿದ್ದರೆ ಸುತ್ತು ಸುಮ್ನೆ ಕೂಡಿಕೊಳ್ಳುತ್ತದೆ. ಇಲ್ಲದಿದ್ದರೆ ಜಗಳ.

ಮೊದಲನೆಯದು ಎಲ್ಲರೂ ಮಾಡುವುದೇ, ಒಂದೊಂದೇ ಮೇಟ್ ಸಪ್ರೆಸ್ ಮಾಡಿ ಕೆಂಪು ಗುರುತು ಯಾವಾಗ ಹೋಗುತ್ತದೆ ಅಂತ ನೋಡುವುದು. ಬೇಗ ಆಗುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ಈ ನಾಲ್ಕರಲ್ಲಿ ಯಾವುದನ್ನು ಸಪ್ರೆಸ್ ಮಾಡಿದರೂ ಸುತ್ತು ಬಿಚ್ಚಿಕೊಂಡು ದೋಷ ಹೋಗಿಬಿಡುತ್ತದೆ. ಅಂದರೆ ಆ ಮೇಟ್ ಸುತ್ತಿನೊಳಗಿದೆ ಅಂತಷ್ಟೇ ಗೊತ್ತಾಯಿತು, ತಪ್ಪು ಅದರದ್ದೇ ಅಂತಲ್ಲ. ಕೊನೆಗೆ ಹಾಕಿದ ಮೇಟನ್ನೇ ಡಿಲೀಟ್ ಮಾಡಿ ಮುಂದೆ ಹೋಗುವವರು ಜಾಸ್ತಿ, ಅದು ನನಗೆ ಸರಿ ಕಾಣುವುದಿಲ್ಲ.

View Mates ಇದಕ್ಕಿಂತ ವಾಸಿ. ಬೇರಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ತೆರೆದರೆ ಆ ಭಾಗಕ್ಕೆ ಸೇರಿದ ಮೇಟ್‌ಗಳಷ್ಟೇ ಕಾಣುತ್ತವೆ, ಉದ್ದದ ಪಟ್ಟಿಯಲ್ಲಿ ಹುಡುಕಬೇಕಿಲ್ಲ. ಮೇಟ್‌ಗಳು ಮುನ್ನೂರು ಇದ್ದಾಗ ಇದು ದೊಡ್ಡ ಉಪಕಾರ. ಆದರೆ ಎಷ್ಟು ತಪ್ಪಿದೆ ಅಂತ ಹೇಳುವುದಿಲ್ಲ.

ನನ್ನ ಓಟು MateXpertಗೆ. Mates ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ತೆರೆದು Diagnose ಒತ್ತಿದರೆ, ಒಂದಕ್ಕೊಂದು ಹೊಂದದ ಮೇಟ್‌ಗಳ ಗುಂಪನ್ನು ಬೇರೆ ತೆಗೆದು ತೋರಿಸುತ್ತದೆ. ಅದರಲ್ಲಿ ಪಾಲನೆಯಾಗದ ಮೇಟನ್ನು ಆರಿಸಿದರೆ ಎರಡು ಮುಖಗಳು ಎಷ್ಟು ದೂರ ಇವೆ, ಅಥವಾ ಎಷ್ಟು ಕೋನ ತಪ್ಪಿವೆ ಅಂತ ಅಂಕಿ ಬರುತ್ತದೆ. ಆ ಅಂಕಿಗೋಸ್ಕರವೇ ನಾನು ಇದನ್ನು ಮೊದಲು ತೆರೆಯುವುದು. ನನಗೆ ಬಂದದ್ದು 0.01. ಡಾಕ್ಯುಮೆಂಟ್ ಯೂನಿಟ್ಸ್‌ನಲ್ಲಿ ದಶಾಂಶ ಸ್ಥಾನವನ್ನು ನಾಲ್ಕಕ್ಕೆ ಏರಿಸಿದ ಮೇಲೆ 0.0125 ಅಂತ ಪೂರ್ತಿ ಕಂಡಿತು. ಇದನ್ನು ಮಾಡದಿದ್ದರೆ ಸಣ್ಣ ವ್ಯತ್ಯಾಸ 0.00 ಅಂತಲೂ ಕಾಣಬಹುದು, ಆಗ ತಲೆ ಕೆಡುವುದು ಗ್ಯಾರಂಟಿ.

0.0125 ಎಲ್ಲಿಂದ ಬಂತು? ಎರಡೂ ಬೇರಿಂಗ್‌ನಲ್ಲಿ ತಳದಿಂದ ತೂತಿನ ನಡುವಿಗೆ ಅಳೆದೆ. ಎಡಗಡೆಯದು 36.5, ಬಲಗಡೆಯದು 36.5125. ಎರಡು ಬೇರೆ ಬೇರೆ ಕಡೆಯಿಂದ ಇಳಿಸಿಕೊಂಡ ಮಾಡೆಲ್‌ಗಳು ಅವು, ಬಲಗಡೆಯದರ ಎತ್ತರ 1 7/16 ಇಂಚನ್ನು ಮಿ.ಮೀ.ಗೆ ತಿರುಗಿಸಿದ್ದು. ವರ್ಕ್‌ಶಾಪಿನಲ್ಲಿ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಸಾಫ್ಟ್‌ವೇರ್‌ಗೆ ಸಮ ಅಂದರೆ ಸಮ.

ಸರಿಪಡಿಸೋಕೂ ಎರಡು ದಾರಿ ಇದೆ. ಬಲ ಬೇರಿಂಗಿನ ತಳವನ್ನು ಕೊಯಿನ್ಸಿಡೆಂಟ್ ಬದಲು ಪ್ಯಾರಲಲ್ ಮಾಡಿದರೆ ಎತ್ತರ ಬಿಡುವಾಗಿ ದೋಷ ಹೋಗುತ್ತದೆ, ಒಂದು ನಿಮಿಷದ ಕೆಲಸ. ಆದರೆ ವ್ಯತ್ಯಾಸ ಹಾಗೇ ಒಳಗೆ ಉಳಿಯುತ್ತದೆ. ಅಂಕಿ 0.0125 ಇದ್ದದ್ದಕ್ಕೆ ಪರವಾಗಿಲ್ಲ, 2 ಮಿ.ಮೀ. ಇದ್ದಿದ್ದರೆ ಫ್ರೇಮಿನ ಅಳತೆಯೇ ತಪ್ಪು ಅಂತ ಅರ್ಥ, ಅದನ್ನು ಪ್ಯಾರಲಲ್ ಹಾಕಿ ಮುಚ್ಚಿ ವೆಲ್ಡರ್ ಅಣ್ಣನ ಕೈಗೆ ಕೊಟ್ಟರೆ ಬೇರಿಂಗ್ ಕೆಳಗೆ ಪ್ಯಾಕಿಂಗ್ ತುರುಕಬೇಕಾದವರು ಅವರೇ ಅಲ್ವಾ? ಹಾಗಾಗಿ ನಾನು ಆರಿಸಿದ್ದು ಎರಡೂ ಕಡೆ ಒಂದೇ ಬೇರಿಂಗ್ ಫೈಲ್ ಹಾಕುವುದು. ಮೇಟ್‌ಗಳನ್ನು ಮತ್ತೆ ಕೂರಿಸಬೇಕಾಯಿತು, ಸ್ವಲ್ಪ ಬೇಸರದ ಕೆಲಸವೇ, ಆದರೆ Ctrl+Q ಒತ್ತಿದ ಮೇಲೆ ಒಂದೂ (+) ಉಳಿಯಲಿಲ್ಲ.

ಶಾಫ್ಟ್ ಮುಂದೆ ಮಾತ್ರ (-) ಇತ್ತು. ಅದು ಅಕ್ಷದುದ್ದಕ್ಕೂ ಜಾರುತ್ತಿತ್ತು, ತಿರುಗುತ್ತಲೂ ಇತ್ತು. ಜಾರುವುದನ್ನು ಶಾಫ್ಟಿನ ಮೆಟ್ಟಿಲನ್ನು ಬೇರಿಂಗಿನ ಮುಖಕ್ಕೆ ಕೊಯಿನ್ಸಿಡೆಂಟ್ ಮಾಡಿ ನಿಲ್ಲಿಸಿದೆ. ಒಂದೇ ಕಡೆ ಸಾಕು, ಎರಡೂ ಕಡೆ ಮಾಡಿದರೆ ಉದ್ದದಲ್ಲಿ ಇನ್ನೊಂದು ಸುತ್ತು ಹುಟ್ಟುತ್ತದೆ. ತಿರುಗುವುದನ್ನು ಹಾಗೇ ಬಿಟ್ಟೆ. ಡ್ರಮ್ ತಿರುಗಲೇಬೇಕು, ಆ (-) ಅಲ್ಲೇ ಇರಲಿ.